ಮೈನಸ್ 20 ಬೈನರಿಯಲ್ಲಿ ಸರಿಯಾಗಿ ಕಂಡಿದ್ದು ಹೀಗೆ

ಪೀಣ್ಯದ ಒಂದು ಕೋಲ್ಡ್ ಸ್ಟೋರೇಜ್‌ಗೆ ಪೈಥಾನ್‌ನಲ್ಲಿ ಪ್ರೋಗ್ರಾಂ ಬರೆಯುತ್ತಿದ್ದೆ. ಸೆನ್ಸರ್ ತಾಪಮಾನವನ್ನು 8 ಬಿಟ್‌ಗಳಲ್ಲಿ ಕಳಿಸುತ್ತದೆ. ಮೈನಸ್ 20 ಡಿಗ್ರಿಗೆ ಅದು ಕಳಿಸಿದ್ದು `11101100`. ಹೋಲಿಸಿ ನೋಡೋಣ ಅಂತ `bin(-20)` ಕೊಟ್ಟರೆ ಬಂದಿದ್ದು `-0b10100`. ಎರಡಕ್ಕೂ ತಾಳೆಯೇ ಇಲ್ಲ!

ಸೆನ್ಸರ್ ಮೇಲೆ ಅನುಮಾನಪಟ್ಟು ಅರ್ಧ ದಿನ ಸುಮ್ನೆ ಹೋಯಿತು. ಆಮೇಲೆ ಹೊಳೆಯಿತು. ಪೈಥಾನ್‌ನ ಪೂರ್ಣಾಂಕಕ್ಕೆ ಇಷ್ಟೇ ಬಿಟ್ ಅನ್ನೋ ಮಿತಿ ಇಲ್ಲ. ಹಾಗಾಗಿ `bin` 20ರ ಬೈನರಿ ಬರೆದು ಮುಂದೆ ಮೈನಸ್ ಗುರುತು ಹಾಕುತ್ತದೆ, ಅಷ್ಟೇ. ಎಷ್ಟು ಬಿಟ್ ಬೇಕು ಅಂತ ನಾವೇ ಹೇಳಬೇಕು:

```python
format(-20 & 0xFF, '08b')
```

`0xFF` ಅಂದರೆ ಎಂಟು ಒಂದುಗಳು. `&` ಕೊನೆಯ 8 ಬಿಟ್‌ಗಳನ್ನು ಮಾತ್ರ ಉಳಿಸುತ್ತದೆ. ಸಿಗುವ ಸಂಖ್ಯೆ 256 - 20, ಅಂದರೆ 236. ಅದರ ಬೈನರಿಯೇ `11101100`. ಸೆನ್ಸರ್ ಹೇಳಿದ್ದೇ ಸರಿ ಅಲ್ವಾ! `08b`ಯಲ್ಲಿರುವ ಸೊನ್ನೆಯನ್ನು ಬಿಡಬೇಡಿ, 5ರಂಥ ಚಿಕ್ಕ ಸಂಖ್ಯೆಗೆ ಮುಂದಿನ ಸೊನ್ನೆಗಳು ಬರುವುದು ಅದರಿಂದಲೇ.

ಒಂದು ಅಪಾಯ ಇದೆ. 8 ಬಿಟ್‌ಗೆ ಹಿಡಿಸುವುದು -128ರಿಂದ 127ರವರೆಗೆ ಮಾತ್ರ. -200 ಕೊಟ್ಟರೆ ಯಾವ ಎರರ್ ಕೂಡ ಬರುವುದಿಲ್ಲ, `00111000` ಬರುತ್ತದೆ. ಅದು 56! ಅದಕ್ಕೇ ಮೊದಲು ಈ ಮಿತಿಯನ್ನು ಪರೀಕ್ಷಿಸುವ ಒಂದು `if` ಸೇರಿಸಿದ್ದೇನೆ.