ಕಂಪನಿಯ ಗುಂಪು ಪಾಲಿಸಿಗೆ ಅಪ್ಪ-ಅಮ್ಮನನ್ನು ಸೇರಿಸುವಾಗ ನಾನು ಹಾಕುವ ಲೆಕ್ಕ

ಕಂಪನಿಯ ಆರೋಗ್ಯ ವಿಮೆ ನವೀಕರಣಕ್ಕೆ ಬಂದಾಗ ಎಚ್‌ಆರ್ ಕಡೆಯಿಂದ ಒಂದು ಮೇಲ್ ಬರುತ್ತದೆ: ತಂದೆ-ತಾಯಿಯನ್ನು ಸೇರಿಸಬೇಕೆಂದಿದ್ದರೆ ಇಂಥ ತಾರೀಖಿನೊಳಗೆ ಪೋರ್ಟಲ್‌ನಲ್ಲಿ ನೋಂದಾಯಿಸಿ. ಸಾಮಾನ್ಯವಾಗಿ ಎರಡು-ಮೂರು ವಾರ ಸಮಯ ಇರುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಸೇರಿದ ದಿನದಿಂದ ಸುಮಾರು ಒಂದು ತಿಂಗಳು. ಆ ಬಾಗಿಲು ಮುಚ್ಚಿದ ಮೇಲೆ ವರ್ಷದ ನಡುವೆ ಅಪ್ಪ-ಅಮ್ಮನನ್ನು ಸೇರಿಸಲು ಬಿಡುವುದಿಲ್ಲ. ಮದುವೆಯಾದರೆ ಸಂಗಾತಿ, ಹುಟ್ಟಿದರೆ ಮಗು, ಇಷ್ಟಕ್ಕೆ ಮಾತ್ರ ನಡುವೆ ಅವಕಾಶ.

ಈ ಬಿಗಿಗೆ ಕಾರಣವಿದೆ. ಗುಂಪು ಪಾಲಿಸಿಯಲ್ಲಿ ಬಹುಪಾಲು ಕಾಯುವ ಅವಧಿ ಇರುವುದಿಲ್ಲ. ಅಪ್ಪನಿಗೆ ಮೊದಲೇ ಇರುವ ಸಕ್ಕರೆ ಕಾಯಿಲೆ, ಅಮ್ಮನ ಮಂಡಿ ನೋವು, ಎಲ್ಲಕ್ಕೂ ಮೊದಲ ದಿನದಿಂದಲೇ ರಕ್ಷಣೆ, ವೈದ್ಯಕೀಯ ತಪಾಸಣೆಯೂ ಇಲ್ಲ. ಯಾವಾಗ ಬೇಕಾದರೂ ಸೇರಬಹುದು ಎಂದರೆ ಆಪರೇಷನ್ ದಿನ ಗೊತ್ತಾದ ಮೇಲೆಯೇ ಎಲ್ಲರೂ ಸೇರುತ್ತಾರೆ. ಸ್ವಂತವಾಗಿ ಕೊಳ್ಳುವ ಪಾಲಿಸಿಯಲ್ಲಿ ಮೊದಲೇ ಇದ್ದ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು, ವಯಸ್ಸಾದವರ ಅರ್ಜಿಯನ್ನೇ ತಿರಸ್ಕರಿಸಲೂಬಹುದು. ಹಾಗಾಗಿ ಮೊದಲೇ ಕಾಯಿಲೆ ಇರುವ ಅಪ್ಪ-ಅಮ್ಮನಿಗೆ ಗುಂಪು ಪಾಲಿಸಿಯ ನಿಜವಾದ ಬೆಲೆ ಇರುವುದು ಇಲ್ಲಿ. ಆದರೆ ವಿಮಾ ಕಂಪನಿ ಆ ಹೊರೆಯನ್ನು ಬೇರೆ ಕಡೆ ಸರಿದೂಗಿಸಿಕೊಂಡಿರುತ್ತದೆ. ಎಲ್ಲಿ ಎಂದು ತಿಳಿಯದೆ ಪ್ರೀಮಿಯಂ ಒಂದನ್ನೇ ನೋಡಿ ತೀರ್ಮಾನಿಸಿದರೆ ಬಿಲ್ ಬಂದ ದಿನ ತೊಂದರೆ.

ನಾನು ಮೊದಲು ಮಾಡುವುದು ಎಚ್‌ಆರ್ ಮೇಲ್ ಅನ್ನು ಬದಿಗಿಟ್ಟು ಪಾಲಿಸಿಯ ಪೂರ್ಣ ಷರತ್ತುಗಳ ಪ್ರತಿಯನ್ನು ಕೇಳಿ ಪಡೆಯುವುದು. ಮೇಲ್‌ನಲ್ಲಿ ವಿಮಾ ಮೊತ್ತ ದಪ್ಪ ಅಕ್ಷರದಲ್ಲಿ ಇರುತ್ತದೆ, ಮಿತಿಗಳು ಇರುವುದಿಲ್ಲ. ಆ ಪ್ರತಿಯಲ್ಲಿ ‘ತಂದೆ-ತಾಯಿಗೆ ಮಾತ್ರ’ ಎಂದು ಬರುವ ಸಾಲುಗಳನ್ನು ಹುಡುಕಬೇಕು, ಏಕೆಂದರೆ ನಮಗೆ, ಹೆಂಡತಿ-ಮಕ್ಕಳಿಗೆ ಇಲ್ಲದ ಕತ್ತರಿ ಅವರಿಗೆ ಇರುತ್ತದೆ. ಅವರಿಗೆ ಬೇರೆಯೇ ವಿಮಾ ಮೊತ್ತ ಇದೆಯೇ, ಇಬ್ಬರೂ ಹಂಚಿಕೊಳ್ಳಬೇಕೇ, ಅಥವಾ ನಮ್ಮ ಇಡೀ ಮನೆಗೆ ಒಂದೇ ಮೊತ್ತವೇ ಎಂಬುದು ಮೊದಲ ಪ್ರಶ್ನೆ. ಆಮೇಲೆ ಕೋ-ಪೇ, ಅಂದರೆ ಒಪ್ಪಿದ ಬಿಲ್‌ನಲ್ಲಿ ನಾವೇ ಕೊಡಬೇಕಾದ ಪಾಲು, ಎಷ್ಟು, ರೂಮ್ ಬಾಡಿಗೆಯ ಮಿತಿ ಎಷ್ಟು, ಕಣ್ಣಿನ ಪೊರೆ ಮತ್ತು ಮಂಡಿ ಚಿಪ್ಪು ಬದಲಾವಣೆಯಂಥ ಆಪರೇಷನ್‌ಗಳಿಗೆ ಪ್ರತ್ಯೇಕ ಮಿತಿ ಇದೆಯೇ. ಪೊರೆಗೆ ಒಂದು ಕಣ್ಣಿಗೆ ಇಷ್ಟೇ ಎಂಬ ಮಿತಿ ತುಂಬ ಪಾಲಿಸಿಗಳಲ್ಲಿ ಇರುತ್ತದೆ. ವಯಸ್ಸಾದವರಿಗೆ ಹೆಚ್ಚು ಬೇಕಾಗುವುದೂ ಅದೇ.

ಲೆಕ್ಕ ಹೇಗೆ ಓಡುತ್ತದೆ ಎಂದು ತೋರಿಸಲು ಒಂದು ಮಾದರಿ ಇಟ್ಟುಕೊಳ್ಳೋಣ. ಅಪ್ಪ-ಅಮ್ಮ ಇಬ್ಬರಿಗೂ ಸೇರಿ 3 ಲಕ್ಷ ರೂಪಾಯಿ ವಿಮಾ ಮೊತ್ತ. ಪ್ರೀಮಿಯಂ 32,000. ಅದರ ಮೇಲೆ 18% ಜಿಎಸ್‌ಟಿ 5,760 ಸೇರಿ 37,760. ಇದನ್ನು ನಾಲ್ಕು ತಿಂಗಳ ಸಂಬಳದಲ್ಲಿ ಸಮನಾಗಿ ಕಡಿದರೆ ತಿಂಗಳಿಗೆ 9,440. ಜಿಎಸ್‌ಟಿ ವಿಷಯದಲ್ಲಿ ಒಂದು ಗೊಂದಲ ಈಗ ಸಾಮಾನ್ಯವಾಗಿದೆ: 2025ರ ಸೆಪ್ಟೆಂಬರ್ 22ರಿಂದ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ ಎಂಬುದು ವ್ಯಕ್ತಿಗಳು ಸ್ವಂತವಾಗಿ ಮತ್ತು ಕುಟುಂಬಕ್ಕೆ ಕೊಳ್ಳುವ ಪಾಲಿಸಿಗೆ ಮಾತ್ರ. ಗುಂಪು ಪಾಲಿಸಿಗೆ ತೆರಿಗೆ ಹಾಗೇ ಉಳಿದಿದೆ. ಎರಡರ ಪ್ರೀಮಿಯಂ ಹೋಲಿಸುವಾಗ ತೆರಿಗೆ ಸೇರಿಸಿದ ಮೊತ್ತವನ್ನೇ ಹೋಲಿಸಬೇಕು.

ಈಗ ಮಿತಿಗಳು. ಸಾಮಾನ್ಯ ವಾರ್ಡಿನ ರೂಮ್‌ಗೆ ದಿನಕ್ಕೆ ವಿಮಾ ಮೊತ್ತದ 1%, ಅಂದರೆ 3,000 ರೂಪಾಯಿ. ಕೋ-ಪೇ 20%. ಅಪ್ಪನಿಗೆ ಪಿತ್ತಕೋಶದ ಆಪರೇಷನ್ ಆಗಿ ಐದು ದಿನ ಆಸ್ಪತ್ರೆಯಲ್ಲಿ ಇದ್ದರು ಎಂದುಕೊಳ್ಳಿ. ದಿನಕ್ಕೆ 5,000 ರೂಪಾಯಿಯ ರೂಮ್ ತೆಗೆದುಕೊಂಡರು, ಬಾಡಿಗೆ 25,000. ಸರ್ಜನ್, ಅರಿವಳಿಕೆ ವೈದ್ಯರು, ಆಪರೇಷನ್ ಥಿಯೇಟರ್, ನರ್ಸಿಂಗ್ ಸೇರಿ 1,20,000. ಔಷಧಿ, ಪರೀಕ್ಷೆಗಳಿಗೆ 45,000. ಕೈಗವಸು, ನೋಂದಣಿ ಶುಲ್ಕ ಮುಂತಾದ, ವಿಮೆ ಕೊಡದ ಬಾಬತ್ತುಗಳು 10,000. ಒಟ್ಟು ಬಿಲ್ 2 ಲಕ್ಷ. ವಿಮಾ ಮೊತ್ತ 3 ಲಕ್ಷ ಇರುವುದರಿಂದ ಪೂರ್ತಿ ಬರುತ್ತದೆ ಎಂದು ಮನೆಯವರು ನಂಬಿರುತ್ತಾರೆ.

ಬರುವುದು ಎಷ್ಟು ನೋಡಿ. ರೂಮ್ ಬಾಡಿಗೆಯಲ್ಲಿ 15,000 ಮಾತ್ರ ಒಪ್ಪುತ್ತಾರೆ. ಇಷ್ಟಕ್ಕೇ ನಿಲ್ಲುವುದಿಲ್ಲ. ಮಿತಿ 3,000, ತೆಗೆದುಕೊಂಡದ್ದು 5,000, ಅಂದರೆ ಅರ್ಹತೆ 60%. ಅದೇ ಅನುಪಾತದಲ್ಲಿ ಸರ್ಜನ್, ಥಿಯೇಟರ್, ನರ್ಸಿಂಗ್ ಶುಲ್ಕವನ್ನೂ ಕಡಿತ ಮಾಡುತ್ತಾರೆ. ಆಸ್ಪತ್ರೆಗಳು ರೂಮಿನ ದರ್ಜೆ ಏರಿದಂತೆ ಇವುಗಳ ದರವನ್ನೂ ಏರಿಸುತ್ತವೆ ಎಂಬುದು ಇದರ ಹಿಂದಿನ ತರ್ಕ. ಹಾಗಾಗಿ 1,20,000 ಇದ್ದದ್ದು 72,000ಕ್ಕೆ ಇಳಿಯುತ್ತದೆ. ಔಷಧಿ, ಪರೀಕ್ಷೆ, ದೇಹದೊಳಗೆ ಅಳವಡಿಸುವ ಸಾಧನಗಳಿಗೆ ಈ ಅನುಪಾತದ ಕಡಿತ ಹಾಕಬಾರದು, ಆದ್ದರಿಂದ 45,000 ಹಾಗೇ ಉಳಿಯುತ್ತದೆ. ಮೂರನ್ನೂ ಕೂಡಿದರೆ 1,32,000. ಅದರ 20% ಕೋ-ಪೇ 26,400 ಹೋಗಿ ವಿಮೆ ಕೊಡುವುದು 1,05,600. ಉಳಿದ 94,400 ಕೈಯಿಂದ.

ಅದೇ ಅಪ್ಪ 3,000ದ ರೂಮಿನಲ್ಲಿ ಇದ್ದಿದ್ದರೆ, ಬೇರೆ ಶುಲ್ಕಗಳು ಅಷ್ಟೇ ಇದ್ದರೂ, ಬಿಲ್ 1,90,000. ಒಪ್ಪುವ ಮೊತ್ತ 1,80,000. ಕೋ-ಪೇ 36,000 ಕಳೆದು 1,44,000 ಬರುತ್ತದೆ, ಕೈಯಿಂದ ಹೋಗುವುದು 46,000. ರೂಮ್ ಬಾಡಿಗೆಯಲ್ಲಿ ಇದ್ದ ವ್ಯತ್ಯಾಸ ಹತ್ತೇ ಸಾವಿರ, ಕೈಯಿಂದ ಹೋದದ್ದರಲ್ಲಿ ವ್ಯತ್ಯಾಸ 48,400. ಆದ್ದರಿಂದ ನೋಂದಣಿಯ ದಿನವೇ ಅಪ್ಪ-ಅಮ್ಮನಿಗೆ ಆ 3,000 ಎಂಬ ಸಂಖ್ಯೆಯನ್ನು ಹೇಳಿ, ಕಾರ್ಡಿನ ಪ್ರಿಂಟ್ ಮೇಲೆ ಪೆನ್ನಿನಲ್ಲಿ ಬರೆದುಕೊಡುತ್ತೇನೆ. ಅಡ್ಮಿಷನ್ ಕೌಂಟರಿನಲ್ಲಿ ‘ಇನ್ಶೂರೆನ್ಸ್ ಇದೆಯಲ್ಲ, ಡೀಲಕ್ಸ್ ರೂಮ್ ತಗೊಳ್ಳಿ ಸಾರ್’ ಎಂದಾಗ ಅವರ ಹತ್ತಿರ ಉತ್ತರ ಇರಬೇಕು.

ಪೋರ್ಟಲ್‌ನಲ್ಲಿ ಮೊತ್ತದ ಆಯ್ಕೆ ಇದ್ದರೆ, ಉದಾಹರಣೆಗೆ 3 ಅಥವಾ 5 ಲಕ್ಷ, ಈ ಕಾರಣಕ್ಕೇ ನಾನು ದೊಡ್ಡದರ ಕಡೆ ವಾಲುತ್ತೇನೆ. ಮಿತಿ ಶೇಕಡಾವಾರು ಇರುವಲ್ಲಿ 5 ಲಕ್ಷಕ್ಕೆ ರೂಮ್ ಮಿತಿಯೂ 5,000ಕ್ಕೆ ಏರುತ್ತದೆ. ದೊಡ್ಡ ಮೊತ್ತದಿಂದ ದಿನನಿತ್ಯದ ಬಿಲ್‌ಗಳಲ್ಲಿ ಸಿಗುವ ಲಾಭ ಅದು. ಇನ್ನೊಂದನ್ನು ಎಚ್‌ಆರ್‌ಗೆ ಬರಹದಲ್ಲೇ ಕೇಳುತ್ತೇನೆ: ಬಿಲ್ ವಿಮಾ ಮೊತ್ತವನ್ನು ಮೀರಿದರೆ ಕೋ-ಪೇ ಯಾವುದರ ಮೇಲೆ? ಒಪ್ಪುವ ಬಿಲ್ 5 ಲಕ್ಷ, ವಿಮೆ 3 ಲಕ್ಷ ಎಂದಾದರೆ, ಬಿಲ್ ಮೇಲೆ ಹಾಕುವ ಪಾಲಿಸಿಯಲ್ಲಿ 3 ಲಕ್ಷ ಪೂರ್ತಿ ಸಿಗುತ್ತದೆ, 3 ಲಕ್ಷದ ಮೇಲೆ ಹಾಕುವ ಪಾಲಿಸಿಯಲ್ಲಿ 2.4 ಲಕ್ಷ.

ಇನ್ನು ಅಪ್ಪ-ಅಮ್ಮನೋ, ಅತ್ತೆ-ಮಾವನೋ ಎಂಬ ಆಯ್ಕೆ. ಹೆಚ್ಚಿನ ಕಂಪನಿಗಳು ಒಂದು ಜೋಡಿಗೆ ಮಾತ್ರ ಬಿಡುತ್ತವೆ, ಈ ಕಡೆ ಒಬ್ಬರು ಆ ಕಡೆ ಒಬ್ಬರು ಎಂದು ಬೆರೆಸಲು ಬಿಡುವುದಿಲ್ಲ. ಕೆಲವೆಡೆ ಒಮ್ಮೆ ಆರಿಸಿದರೆ ಮುಂದಿನ ವರ್ಷಗಳಲ್ಲೂ ಬದಲಿಸುವಂತಿಲ್ಲ, ಬಿಟ್ಟರೆ ಮತ್ತೆ ಸೇರಿಸುವಂತಿಲ್ಲ. ಗಂಡ-ಹೆಂಡತಿ ಇಬ್ಬರೂ ಕೆಲಸದಲ್ಲಿದ್ದರೆ ಇಬ್ಬರ ಪಾಲಿಸಿಗಳನ್ನೂ ಪಕ್ಕದಲ್ಲಿಟ್ಟು, ಹೆಚ್ಚು ಚಿಕಿತ್ಸೆ ಬೇಕಾಗಬಹುದಾದ ಜೋಡಿಯನ್ನು ಕಡಿಮೆ ಕೋ-ಪೇ ಇರುವ ಕಡೆ ಹಾಕಬೇಕು. ಇದರಲ್ಲಿ ತೆರಿಗೆಯ ಒಂದು ಎಳೆಯೂ ಇದೆ. 80ಡಿ ವಿನಾಯಿತಿ ಸ್ವಂತ ತಂದೆ-ತಾಯಿಯ ಪ್ರೀಮಿಯಂಗೆ ಮಾತ್ರ, ಅತ್ತೆ-ಮಾವನದಕ್ಕೆ ಸಿಗುವುದಿಲ್ಲ. 60 ದಾಟಿದವರಾದರೆ ವರ್ಷಕ್ಕೆ 50,000ದವರೆಗೆ, ಇಲ್ಲದಿದ್ದರೆ 25,000. ಅದೂ ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ. ಹೊಸ ಪದ್ಧತಿಯವರು ಈ ಉಳಿತಾಯವನ್ನು ಲೆಕ್ಕಕ್ಕೇ ತೆಗೆದುಕೊಳ್ಳಬಾರದು.

ಪೋರ್ಟಲ್‌ನಲ್ಲಿ ತುಂಬುವುದು ಹತ್ತು ನಿಮಿಷದ ಕೆಲಸ, ಆದರೆ ಮುಂದೆ ಕ್ಯಾಶ್‌ಲೆಸ್ ಅಡ್ಡಿಯಾಗುವುದಕ್ಕೆ ಬೀಜ ಬೀಳುವುದು ಇಲ್ಲೇ. ನಮ್ಮ ಕಡೆಯ ಹೆಸರುಗಳಲ್ಲಿ ಇನಿಷಿಯಲ್ ತೊಡಕು ದೊಡ್ಡದು. ಆಧಾರ್‌ನಲ್ಲಿ ಇನಿಷಿಯಲ್ ಹಿಂದೆ ಇರುತ್ತದೆ, ಬ್ಯಾಂಕಿನಲ್ಲಿ ಮುಂದೆ, ಪ್ಯಾನ್‌ನಲ್ಲಿ ಅದು ಬಿಡಿಸಿದ ಊರಿನ ಹೆಸರಾಗಿರುತ್ತದೆ. ಆಸ್ಪತ್ರೆಯಲ್ಲಿ ಕೇಳುವುದು ಬಹುತೇಕ ಆಧಾರ್, ಆದ್ದರಿಂದ ಆಧಾರ್‌ನಲ್ಲಿ ಇದ್ದ ಹಾಗೆಯೇ, ಚುಕ್ಕೆ-ಅಂತರ ಸಮೇತ ತುಂಬುವುದು ಒಳ್ಳೆಯದು. ಹುಟ್ಟಿದ ದಿನಾಂಕವೂ ಹಾಗೇ. ಹಳ್ಳಿಯ ಹಿರಿಯರಲ್ಲಿ ಎಷ್ಟೋ ಜನರ ಆಧಾರ್‌ನಲ್ಲಿ ಜನವರಿ 1 ಎಂದಿರುತ್ತದೆ, ಮನೆಯಲ್ಲಿ ಗೊತ್ತಿರುವ ದಿನ ಬೇರೆ. ಮನೆಯ ದಿನಾಂಕ ಹಾಕಿದರೆ ಕಾರ್ಡು ಮತ್ತು ಗುರುತಿನ ಚೀಟಿ ತಾಳೆಯಾಗದೆ, ವಿಮಾ ಕಂಪನಿಯ ಪರವಾಗಿ ಕ್ಲೈಮ್ ನೋಡಿಕೊಳ್ಳುವ ಸಂಸ್ಥೆಯಾದ ಟಿಪಿಎ ಪ್ರಶ್ನೆ ಎತ್ತುತ್ತದೆ. ಪ್ರೀಮಿಯಂ ವಯಸ್ಸಿನ ಹಂತದ ಮೇಲೆ ನಿಂತಿದ್ದರೆ ಒಂದು ವರ್ಷದ ಹೆಚ್ಚು-ಕಡಿಮೆಯಿಂದ ಮೊತ್ತವೇ ಬದಲಾಗಬಹುದು.

‘ಸೇವ್’ ಒತ್ತಿ ಬಿಟ್ಟರೆ ನೋಂದಣಿ ಆಗಿರುವುದಿಲ್ಲ, ‘ಸಬ್ಮಿಟ್’ ಒತ್ತಿ ದೃಢೀಕರಣದ ಮೇಲ್ ಬಂದಿದೆಯೇ ನೋಡಬೇಕು. ಹೋದ ವರ್ಷ ಇದ್ದವರು ತಾನಾಗಿಯೇ ಮುಂದುವರಿಯುತ್ತಾರೆ ಎಂಬ ಭರವಸೆಯೂ ಬೇಡ, ಕೆಲವು ಪೋರ್ಟಲ್‌ಗಳಲ್ಲಿ ಪ್ರತಿ ವರ್ಷ ಮತ್ತೆ ಆರಿಸಬೇಕು. ಇ-ಕಾರ್ಡ್ ಬಂದ ದಿನ ಅದರಲ್ಲಿನ ಹೆಸರು, ವಯಸ್ಸು, ಸಂಬಂಧ ಮೂರನ್ನೂ ತಾಳೆ ನೋಡಿ, ತಪ್ಪಿದ್ದರೆ ಅಂದೇ ಎಚ್‌ಆರ್‌ಗೆ ಬರೆಯುತ್ತೇನೆ. ತಿದ್ದುಪಡಿ ವಿಮಾ ಕಂಪನಿಯವರೆಗೆ ಹೋಗಿ ಬರಲು ದಿನಗಳು ಹಿಡಿಯುತ್ತವೆ, ತುರ್ತಿನಲ್ಲಿ ಅದು ಆಗುವ ಕೆಲಸವಲ್ಲ.

ಕೆಲಸ ಬಿಟ್ಟರೆ ಸಾಮಾನ್ಯವಾಗಿ ಕೊನೆಯ ದಿನಕ್ಕೇ ಅಪ್ಪ-ಅಮ್ಮನ ರಕ್ಷಣೆಯೂ ಮುಗಿಯುತ್ತದೆ. ಬಾಕಿ ಕಂತುಗಳಿದ್ದರೆ ಅಂತಿಮ ಲೆಕ್ಕದಲ್ಲಿ ಹಿಡಿದುಕೊಳ್ಳುತ್ತಾರೆ. ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗಾವಣೆ ಕೇಳಬಹುದು, ಗುಂಪಿನಲ್ಲಿ ಕಳೆದ ವರ್ಷಗಳು ಕಾಯುವ ಅವಧಿಯಲ್ಲಿ ಕಳೆಯುತ್ತವೆ. ಆದರೆ ಹೊಸ ಪ್ರೀಮಿಯಂ ಅವರ ವಯಸ್ಸಿಗೆ ತಕ್ಕಂತೆ, ಅರ್ಜಿಯನ್ನೂ ಪರಿಶೀಲಿಸುತ್ತಾರೆ. ಇದನ್ನು ಕೊನೆಯ ದಿನ ಮುಗಿಯುವ ಮುಂಚೆಯೇ ಶುರು ಮಾಡಬೇಕು.

ಈ ಕಾರಣಕ್ಕೆ ಗುಂಪು ಪಾಲಿಸಿಯ ಜೊತೆಗೆ, ಸಿಗುವಷ್ಟರ ಮಟ್ಟಿಗೆ, ಅವರ ಹೆಸರಿನಲ್ಲೇ ಒಂದು ಪಾಲಿಸಿ ಬೇಗ ಶುರು ಮಾಡಿಡುವುದು ನನ್ನ ಸಲಹೆ. ಅದರ ಕಾಯುವ ಅವಧಿ ಗುಂಪು ಪಾಲಿಸಿಯ ನೆರಳಿನಲ್ಲಿ ಕಳೆದುಹೋಗುತ್ತದೆ. ಎರಡೂ ಇದ್ದಾಗ ಯಾವುದರಲ್ಲಿ ಮೊದಲು ಕ್ಲೈಮ್ ಮಾಡಬೇಕೆಂಬ ಆಯ್ಕೆ ನಮ್ಮದು. ಮೊದಲು ಗುಂಪು ಪಾಲಿಸಿಯಲ್ಲಿ ಮಾಡಿ, ಅದು ಕೊಡದೆ ಉಳಿಸಿದ್ದನ್ನು ಎರಡನೆಯದರಲ್ಲಿ ಅದರ ಷರತ್ತಿಗೆ ಒಳಪಟ್ಟು ಕೇಳಬಹುದು. ಅದಕ್ಕೆ ಮೊದಲ ಕಂಪನಿಯ ಇತ್ಯರ್ಥ ಪತ್ರ, ಬಿಲ್‌ಗಳ ದೃಢೀಕೃತ ಪ್ರತಿ, ಡಿಸ್ಚಾರ್ಜ್ ಸಾರಾಂಶ ಬೇಕು. ಇವನ್ನು ಆಸ್ಪತ್ರೆಯಿಂದ ಮತ್ತು ಟಿಪಿಎಯಿಂದ ಡಿಸ್ಚಾರ್ಜ್ ಆದ ವಾರದಲ್ಲೇ ಪಡೆದಿಟ್ಟುಕೊಳ್ಳಬೇಕು.