ಹೊಸ ಕಾರು ಟೋಟಲ್ ಲಾಸ್ ಆದಾಗ ರಿಟರ್ನ್ ಟು ಇನ್ವಾಯ್ಸ್ ಲೆಕ್ಕ

ಮಳೆಗಾಲದಲ್ಲಿ ತೀರ್ಥಹಳ್ಳಿ, ಆಗುಂಬೆ ಕಡೆಯಿಂದ ಮರ ಬಿದ್ದು ಜಜ್ಜಿಹೋದ ಕಾರಿನ ಕ್ಲೇಮು ಬಂದರೆ ನಾನು ಮೊದಲು ನೋಡುವುದು ಐಡಿವಿ, ಅಂದರೆ ಪಾಲಿಸಿಯಲ್ಲಿ ಕಾರಿಗೆ ನಿಗದಿಯಾದ ವಿಮಾ ಮೌಲ್ಯ, ಆಮೇಲೆ ಹೆಚ್ಚುವರಿ ಪ್ರೀಮಿಯಂ ಕಟ್ಟಿ ಪಡೆದ ಆಡ್-ಆನ್ ರಕ್ಷಣೆಗಳ ಪಟ್ಟಿ. ಕೈಗೆ ಎಷ್ಟು ಹಣ ಬರುತ್ತದೆ ಎಂಬುದು ಬಹುಪಾಲು ಈ ಎರಡರಲ್ಲೇ ತೀರ್ಮಾನವಾಗಿರುತ್ತದೆ.

ಒಂದು ಲೆಕ್ಕ ಹಾಕೋಣ. ಕಾರಿನ ಇನ್ವಾಯ್ಸ್ ಬೆಲೆ 9 ಲಕ್ಷ. ಆಜೀವ ರಸ್ತೆ ತೆರಿಗೆ ಮತ್ತು ನೋಂದಣಿಗೆ ಸುಮಾರು 1.40 ಲಕ್ಷ ಕೊಟ್ಟಿದ್ದಾರೆ ಎಂದುಕೊಳ್ಳಿ. ಎರಡನೇ ವರ್ಷದ ಪಾಲಿಸಿಯಲ್ಲಿ ಶೇ 20 ಸವಕಳಿ ಕಳೆದು ಐಡಿವಿ 7.20 ಲಕ್ಷ. ಐಡಿವಿಗೆ ರಸ್ತೆ ತೆರಿಗೆ ಸೇರುವುದೇ ಇಲ್ಲ. ರಿಪೇರಿ ಅಂದಾಜು ಐಡಿವಿಯ ಶೇ 75, ಅಂದರೆ 5.40 ಲಕ್ಷ ದಾಟಿದರೆ ಟೋಟಲ್ ಲಾಸ್, ಅಂದರೆ ರಿಪೇರಿ ಬಿಟ್ಟು ಪೂರ್ತಿ ನಷ್ಟವೆಂದೇ ಲೆಕ್ಕ. ಮಾಮೂಲಿ ಪಾಲಿಸಿಯಾದರೆ ಕಡ್ಡಾಯ ಕಡಿತ 1,000 ಹೋಗಿ 7.19 ಲಕ್ಷ ಸಿಗುತ್ತದೆ. ಬ್ಯಾಂಕಿನ ಸಾಲ 7.60 ಲಕ್ಷ ಉಳಿದಿದ್ದರೆ ಆ ಹಣವೆಲ್ಲ ಬ್ಯಾಂಕಿಗೇ ಹೋಗಿ, ಮೇಲೆ 41,000 ಜೇಬಿನಿಂದ ಕಟ್ಟಬೇಕು. ಕಾರೂ ಇಲ್ಲ!

ರಿಟರ್ನ್ ಟು ಇನ್ವಾಯ್ಸ್ ಎಂಬ ಆಡ್-ಆನ್ ಇದ್ದರೆ ಇನ್ವಾಯ್ಸ್ ಬೆಲೆಗೂ ಐಡಿವಿಗೂ ಇರುವ ಅಂತರ ಸೇರುತ್ತದೆ. ಹೆಚ್ಚಿನ ಪಾಲಿಸಿಗಳಲ್ಲಿ ರಸ್ತೆ ತೆರಿಗೆ, ನೋಂದಣಿ ಶುಲ್ಕವೂ ಸೇರುತ್ತವೆ. ಇದೇ ಕಾರಿಗೆ 10.39 ಲಕ್ಷ. ಸಾಲ ತೀರಿ 2.79 ಲಕ್ಷ ಮಾಲೀಕರ ಕೈಯಲ್ಲಿ ಉಳಿಯುತ್ತದೆ. ಆದರೆ ಶೋರೂಮಿನವರು ಇನ್ವಾಯ್ಸಿನಲ್ಲೇ ರಿಯಾಯಿತಿ ಕಳೆದಿದ್ದರೆ ಲೆಕ್ಕಕ್ಕೆ ಬರುವುದು ಕಳೆದ ಮೊತ್ತವೇ. ಆಮೇಲೆ ಹೊರಗಿನಿಂದ ಹಾಕಿಸಿದ ಸೀಟ್ ಕವರ್, ಮ್ಯೂಸಿಕ್ ಸಿಸ್ಟಂ ಇದಕ್ಕೆ ಸೇರುವುದಿಲ್ಲ.

ಎಡವುವುದು ಹೆಚ್ಚಾಗಿ ಮೂರು ಕಡೆ. ಮೊದಲನೆಯದು, ಹೊಸ ಕಾರಿಗೆ ಮೂರು ವರ್ಷದ ಪಾಲಿಸಿ ಇದೆಯೆಂದು ಜನ ನಂಬಿರುತ್ತಾರೆ. ಸಾಮಾನ್ಯವಾಗಿ ಆ ಮೂರು ವರ್ಷ ಥರ್ಡ್ ಪಾರ್ಟಿಗೆ ಮಾತ್ರ, ಸ್ವಂತ ಹಾನಿಯ ಭಾಗ ಒಂದೇ ವರ್ಷ. ಹಾಗಾಗಿ ಈ ಆಡ್-ಆನ್ ಅನ್ನು ಪ್ರತಿ ನವೀಕರಣದಲ್ಲೂ ಕೇಳಿ ಹಾಕಿಸಬೇಕು. ಕಡಿಮೆ ಪ್ರೀಮಿಯಂ ನೋಡಿ ಆನ್‌ಲೈನಿನಲ್ಲಿ ನವೀಕರಿಸುವಾಗ ಇದು ಸದ್ದಿಲ್ಲದೆ ಬಿಟ್ಟುಹೋಗುತ್ತದೆ. ಕಾರು ಮೂರು ವರ್ಷ ದಾಟಿದ ಮೇಲೆ ಹಲವು ಕಂಪನಿಗಳು ಕೊಡುವುದೂ ಇಲ್ಲ.

ಎರಡನೆಯದು, ಅಂದಾಜು 5 ಲಕ್ಷಕ್ಕೇ ನಿಂತರೆ ಅದು ಬರೀ ರಿಪೇರಿ ಕ್ಲೇಮು. ಈ ಕವರ್‌ನಿಂದ ಒಂದು ರೂಪಾಯಿಯೂ ಬಾರದು. ಅದಕ್ಕೇ ಗ್ಯಾರೇಜಿನಲ್ಲಿ ಬಿಚ್ಚಿ ನೋಡದೆ ಅಂದಾಜು ಒಪ್ಪಬೇಡಿ. ಮರ ಬಿದ್ದ ಕಾರಿನಲ್ಲಿ ಛಾವಣಿಯ ಜೊತೆ ಅದನ್ನು ಹೊರುವ ಕಂಬಗಳೂ ಬಾಗಿರಬಹುದು. ಒಳಗಿನ ಹೊದಿಕೆ ತೆಗೆಯದೆ ಅದು ಕಾಣುವುದಿಲ್ಲ.

ಮೂರನೆಯದೇ ದೊಡ್ಡದು. ಹಾನಿ ಅಂದಾಜಿಸಲು ಬರುವ ಸರ್ವೇಯರ್ ಕೆಲವೊಮ್ಮೆ, ಗುಜರಿ ನೀವೇ ಇಟ್ಟುಕೊಳ್ಳಿ, ಅದರ ಬೆಲೆ ಕಳೆದು ಉಳಿದದ್ದು ಕೊಡುತ್ತೇವೆ ಎನ್ನುತ್ತಾರೆ. ಕೆಲಸ ಬೇಗ ಮುಗಿಯುತ್ತದೆಂದು ಒಪ್ಪಿ ಸಹಿ ಹಾಕಿದರೆ ಇನ್ವಾಯ್ಸ್ ಅಂತರ ಸಾಮಾನ್ಯವಾಗಿ ಕೈತಪ್ಪುತ್ತದೆ. ಕಾರನ್ನು ಪೂರ್ತಿಯಾಗಿ ಕಂಪನಿಗೆ ಬಿಟ್ಟುಕೊಟ್ಟು, ರಿಟರ್ನ್ ಟು ಇನ್ವಾಯ್ಸ್ ಪ್ರಕಾರವೇ ತೀರ್ಮಾನಿಸಿ ಎಂದು ಬರವಣಿಗೆಯಲ್ಲಿ ಕೊಡಿ. ಅದರ ಜೊತೆ ಮೂಲ ಇನ್ವಾಯ್ಸ್, ತೆರಿಗೆ ರಸೀದಿ, ಬ್ಯಾಂಕಿನ ಬಾಕಿ ಪತ್ರ ಲಗತ್ತಿಸಿ.