ಮಧ್ಯಾಹ್ನದ ನಿದ್ದೆ ಹೋಗಿ, ಪಿಸುಪಿಸು ಹೊತ್ತು ಬಂತು

ರಾತ್ರಿ 9 ಗಂಟೆಗೆ ದೀಪ ಆರಿಸಿದರೆ ಮಗಳಿಗೆ ನಿದ್ದೆ ಹತ್ತುತ್ತಿದ್ದದ್ದು 10:45ಕ್ಕೆ. ಅಷ್ಟು ಹೊತ್ತೂ ಹಾಸಿಗೆಯಲ್ಲಿ ಹೊರಳಾಟ. ನೀರು ಬೇಕು, ಒಂದಕ್ಕೆ ಹೋಗಬೇಕು, ಇನ್ನೊಂದು ಕಥೆ ಬೇಕು. ಅಳು ಇಲ್ಲ, ಸಿಟ್ಟಿಲ್ಲ, ಸುಮ್ನೆ ಕಣ್ಣು ಬಿಟ್ಟುಕೊಂಡು ಹಾಡು ಹೇಳಿಕೊಳ್ಳುತ್ತಿದ್ದಳು. ಆಗ ಅವಳಿಗೆ 3 ವರ್ಷ 2 ತಿಂಗಳು. ಮಧ್ಯಾಹ್ನ 1:30ರಿಂದ 3:30ರವರೆಗೆ ಗಡದ್ದಾಗಿ ಮಲಗುತ್ತಿದ್ದಳು.

ಹಗಲು ನಿದ್ದೆ ಬಿಡಿಸುವ ಕಾಲ ಬಂತಾ ಅಂತ ಅನುಮಾನ ಬಂತು. ಆದರೆ ಆತುರ ಪಡಲಿಲ್ಲ, ಯಾಕೆಂದರೆ ಮೊದಲೊಮ್ಮೆ ಮೋಸ ಹೋಗಿದ್ದೆ. ಅವಳಿಗೆ 2 ವರ್ಷ 4 ತಿಂಗಳಾಗಿದ್ದಾಗ ಹತ್ತು ದಿನ ಮಧ್ಯಾಹ್ನ ಮಲಗಲು ಒಪ್ಪಲೇ ಇಲ್ಲ. "ಬಿಟ್ಟುಬಿಟ್ಟಳು ಬಿಡು" ಅಂದರು ನಮ್ಮೆಜಮಾನ್ರು. ನಾನೂ ನಂಬಿದೆ. ಆದರೆ ಸಂಜೆ 5 ಆದರೆ ಸಾಕು, ಚಪ್ಪಲಿ ಎಡಬಲ ಆಯಿತು ಅಂತ ನೆಲಕ್ಕೆ ಬಿದ್ದು ಒದ್ದಾಡುತ್ತಿದ್ದಳು. ಓಡುವಾಗ ಗೋಡೆಗೆ, ಮೇಜಿಗೆ ಢಿಕ್ಕಿ ಹೊಡೆಯುತ್ತಿದ್ದಳು. ಊಟದ ತಟ್ಟೆ ಮುಂದೆಯೇ ತೂಕಡಿಕೆ. ನಿದ್ದೆ ಬೇಡ ಅನ್ನುವ ಹಟ ಇತ್ತೇ ಹೊರತು, ನಿದ್ದೆಯ ಅಗತ್ಯ ಹೋಗಿರಲಿಲ್ಲ. ಮಧ್ಯಾಹ್ನ ಅದೇ ಹೊತ್ತಿಗೆ ಕೋಣೆ ಕತ್ತಲೆ ಮಾಡಿ ಮಲಗಿಸುವುದನ್ನು ಬಿಡದೆ ಮುಂದುವರಿಸಿದೆ. ಎರಡು ವಾರದಲ್ಲಿ ನಿದ್ದೆ ವಾಪಸ್ ಬಂತು.

ಆದ್ದರಿಂದ ಈ ಸಲ ಬರೆದಿಡೋಣ ಅಂದುಕೊಂಡೆ. ಕ್ಯಾಲೆಂಡರಿನ ಚೌಕಗಳಲ್ಲೇ ದಿನಕ್ಕೆ ನಾಲ್ಕು ಸಮಯ ಬರೆದೆ: ಬೆಳಗ್ಗೆ ಎದ್ದದ್ದು, ಮಧ್ಯಾಹ್ನ ಮಲಗಿದ್ದು, ಎದ್ದದ್ದು, ರಾತ್ರಿ ನಿಜವಾಗಿ ನಿದ್ದೆ ಹತ್ತಿದ್ದು. ಎರಡು ವಾರದ ನಂತರ ನೋಡಿದರೆ ವಿಷಯ ಕಣ್ಣಿಗೆ ಕಾಣುವಷ್ಟು ಸ್ಪಷ್ಟ. ಬೆಳಗ್ಗೆ 7ಕ್ಕೆ ಏಳುತ್ತಾಳೆ. ರಾತ್ರಿ ಸಿಗುವುದು 8 ಗಂಟೆ 15 ನಿಮಿಷ, ಹಗಲು 2 ಗಂಟೆ, ಒಟ್ಟು ಹತ್ತೂಕಾಲು. ಮೂರರಿಂದ ಐದು ವರ್ಷದ ಮಕ್ಕಳಿಗೆ ದಿನಕ್ಕೆ ಹಗಲುರಾತ್ರಿ ಸೇರಿ 10ರಿಂದ 13 ಗಂಟೆ ನಿದ್ದೆ ಬೇಕು ಅನ್ನುತ್ತಾರೆ ಮಕ್ಕಳ ಡಾಕ್ಟರುಗಳು. ಇವಳದು ಕೆಳಗಿನ ಅಂಚಿನಲ್ಲಿ ನಿಂತಿತ್ತು. ಆದರೆ ಅದೇ ಎರಡು ವಾರದಲ್ಲಿ ಮೂರು ದಿನ ಮಧ್ಯಾಹ್ನದ ನಿದ್ದೆ ತಪ್ಪಿತ್ತು. ಒಂದು ದಿನ ಮದುವೆಮನೆ, ಇನ್ನೆರಡು ದಿನ ಅವಳೇ ಮಲಗಲಿಲ್ಲ. ಆ ಮೂರೂ ದಿನ ರಾತ್ರಿ 8:30ರೊಳಗೆ ನಿದ್ದೆ ಹತ್ತಿತ್ತು, ಬೆಳಗ್ಗೆ ಎದ್ದದ್ದು ಅದೇ 7ಕ್ಕೆ. ಮುಖ್ಯವಾದದ್ದು ಅಂದರೆ, ಸಂಜೆ ರಚ್ಚೆ ಇರಲಿಲ್ಲ. ನನಗೆ ನಿರ್ಧಾರ ಮಾಡಲು ಬೇಕಾಗಿದ್ದದ್ದು ಇದೇ. ಮಗು ಮಧ್ಯಾಹ್ನ ಮಲಗಲು ಒಪ್ಪುತ್ತದೋ ಇಲ್ಲವೋ ಅನ್ನುವುದಕ್ಕಿಂತ, ಮಲಗದ ದಿನ ಸಂಜೆ ಹೇಗಿರುತ್ತದೆ ಅನ್ನುವುದನ್ನೇ ನೋಡಬೇಕು.

ಮೊದಲು ನಿದ್ದೆಯನ್ನು ಮೊಟಕು ಮಾಡಿ ನೋಡಿದೆ. ಮಲಗಿ ಒಂದು ಗಂಟೆಯಾದ ಮೇಲೆ ಎಬ್ಬಿಸಿದರೆ ರಾತ್ರಿ ನಿದ್ದೆ 10ಕ್ಕೆ ಬರುತ್ತಿತ್ತು. ಅಷ್ಟೇ ಲಾಭ. ಎಬ್ಬಿಸುವುದು ಮಾತ್ರ ದೊಡ್ಡ ಗೋಳು. ಗಾಢ ನಿದ್ದೆಯಿಂದ ಎದ್ದ ಮಗು ಅರ್ಧ ಗಂಟೆ ಬಿಕ್ಕುತ್ತಿತ್ತು. ನಾಲ್ಕೇ ದಿನಕ್ಕೆ ಅದನ್ನು ಬಿಟ್ಟು, ನಿದ್ದೆಯ ಜಾಗಕ್ಕೆ ಬೇರೆ ಏನಾದರೂ ತರಬೇಕು ಅಂತ ತೀರ್ಮಾನಿಸಿದೆ.

ಅತ್ತೆಗೆ ಇದು ಸರಿಬರಲಿಲ್ಲ. "ಮಗೂನ ಹಾಗೆ ಎಚ್ಚರ ಇಟ್ರೆ ಒಣಗಿಹೋಗುತ್ತೆ ಕಣಮ್ಮ" ಅಂದರು. ಅವರ ಕಾಳಜಿ ತಪ್ಪಲ್ಲ. ಮಗುವಿಗೂ ನಡುಮಧ್ಯಾಹ್ನ ಒಂದು ವಿಶ್ರಾಂತಿ ಬೇಕೇ ಬೇಕು. "ಅತ್ತೆ, ಎಚ್ಚರ ಇಡೋದಲ್ಲ, ಮಲಗು ಅಂತ ಒತ್ತಾಯ ಮಾಡೋದು ಬಿಡ್ತೀನಿ ಅಷ್ಟೇ. ಚಾಪೆ ಅದೇ, ಕೋಣೆ ಅದೇ, ಹೊತ್ತೂ ಅದೇ. ನಿದ್ದೆ ಬಂದ್ರೆ ಮಲಗ್ಲಿ" ಅಂದೆ. ತೊಡೆಮೇಲೆ ಹಾಕಿಕೊಂಡು ತಟ್ಟಬೇಡಿ ಅಂತ ಮಾತ್ರ ಕೇಳಿಕೊಂಡೆ. ಅವರ ಕೈ ಬಿದ್ದರೆ ಅವಳು ಐದು ನಿಮಿಷದಲ್ಲಿ ನಿದ್ದೆಗೆ ಜಾರುತ್ತಿದ್ದಳು.

ಈ ವಿಶ್ರಾಂತಿಯ ಹೊತ್ತಿಗೆ ಮಗಳೇ ಇಟ್ಟ ಹೆಸರು "ಪಿಸುಪಿಸು ಹೊತ್ತು". ಪಿಸುಮಾತಲ್ಲಿ ಎಷ್ಟು ಬೇಕಾದರೂ ಮಾತಾಡಬಹುದು, ಜೋರಾಗಿ ಅಲ್ಲ. ಚಾಪೆ ಬಿಟ್ಟು ಕೋಣೆಯಲ್ಲಿ ಓಡಾಡಬಹುದು, ಆದರೆ ಹೊರಗೆ ಬರುವಂತಿಲ್ಲ. ಇದ್ದದ್ದು ಇವೆರಡೇ ನಿಯಮ. ಮೂರು ವರ್ಷದ ಮಗುವಿಗೆ ಇದಕ್ಕಿಂತ ಜಾಸ್ತಿ ನೆನಪಿರುವುದಿಲ್ಲ.

ಕಷ್ಟ ಆದದ್ದು ಎಷ್ಟು ಹೊತ್ತು ಅಂತ ಅವಳಿಗೆ ತಿಳಿಸುವುದು. "ಹತ್ತು ನಿಮಿಷ" ಅಂದರೆ ಅವಳಿಗೆ ಏನೂ ಅಲ್ಲ. ಮನೆಯಲ್ಲಿ ಹಳೇ ಟೇಬಲ್ ಗಡಿಯಾರ ಇತ್ತು. ಅದರ ಗಾಜಿನ ಮೇಲೆ ನನ್ನದೊಂದು ಕೆಂಪು ಸ್ಟಿಕ್ಕರ್ ಬೊಟ್ಟು ಅಂಟಿಸಿದೆ. "ಉದ್ದ ಮುಳ್ಳು ಬೊಟ್ಟು ಇಟ್ಟುಕೊಂಡ ತಕ್ಷಣ ಅಮ್ಮ ಬರ್ತಾಳೆ" ಅಂದೆ. ನಾನು ಕೋಣೆಯಿಂದ ಹೊರಗೆ ಕೂತ ಮೊದಲ ದಿನ ಅವಳು ಗಡಿಯಾರದ ಮುಂದೆಯೇ ಮಂಡಿಯೂರಿ ಕೂತು, ಮುಳ್ಳು ಸರಿಯುವುದನ್ನು ಉಸಿರು ಬಿಗಿಹಿಡಿದು ನೋಡಿದಳು. ಬೊಟ್ಟು ತಾಕಿದಾಗ ಪಿಸುಮಾತಲ್ಲೇ "ಅಮ್ಮಾ" ಅಂದಳು. ನಾನು ಬಾಗಿಲಲ್ಲೇ ನಿಂತಿದ್ದೆ.

ಹತ್ತು ನಿಮಿಷದಿಂದಲೇ ಶುರು ಮಾಡಿದ್ದು. ಮೊದಲ ಮೂರು ದಿನ ನಾನೂ ಅದೇ ಕೋಣೆಯಲ್ಲಿ ಪುಸ್ತಕ ಹಿಡಿದು ಕೂತೆ. ಮಾತಾಡಿಸಿದರೆ ತುಟಿಯ ಮೇಲೆ ಬೆರಳಿಟ್ಟು ನಗುತ್ತಿದ್ದೆ, ಅಷ್ಟೇ. ನಾಲ್ಕನೇ ದಿನದಿಂದ ಬಾಗಿಲ ಆಚೆ ಕೂತೆ, ಬಾಗಿಲು ಓರೆ ಮಾಡಿ. ಅವಳು ಆರಾಮಾಗಿ ಕಳೆದ ಎರಡು ಮೂರು ದಿನಕ್ಕೊಮ್ಮೆ ಬೊಟ್ಟನ್ನು ಐದು ನಿಮಿಷ ಮುಂದೆ ಸರಿಸಿದೆ. 45 ನಿಮಿಷಕ್ಕೆ ಬರಲು ಮೂರು ವಾರ ಹಿಡಿಯಿತು. ನಡುವೆ ಒಮ್ಮೆ ಆಸೆಗೆ ಬಿದ್ದು 20ರಿಂದ ಒಂದೇ ಸಲಕ್ಕೆ 40ಕ್ಕೆ ಏರಿಸಿದೆ. ಆರು ಸಲ ಹೊರಗೆ ಬಂದಳು, ಆರನೇ ಸಲ ಅಳುತ್ತಾ ಬಂದಳು. ಮರುದಿನ ಮತ್ತೆ 15ಕ್ಕೆ ಇಳಿಸಬೇಕಾಯಿತು. ಮಗು ಸೋಲುವ ಮೊದಲೇ ಹೊತ್ತು ಮುಗಿಯಬೇಕು, ಇಲ್ಲದಿದ್ದರೆ ಅದಕ್ಕೆ ಆ ಕೋಣೆಯೇ ಶಿಕ್ಷೆ ಅನ್ನಿಸಿಬಿಡುತ್ತದೆ. ಒಂದೆರಡು ಸಲ ಹೊರಬಂದರೆ ಬೈಯದೆ, ವಾದ ಮಾಡದೆ ಕೈಹಿಡಿದು ವಾಪಸ್ ಕರೆದೊಯ್ದು ಬಿಡುತ್ತಿದ್ದೆ.

ಆ ಹೊತ್ತಿನಲ್ಲಿ ಆಡಲು ಕೊಡುವ ಬುಟ್ಟಿಯಲ್ಲಿ ಏನಿಡಬೇಕು ಅನ್ನುವುದು ತಪ್ಪಿ ತಪ್ಪಿಯೇ ಗೊತ್ತಾಯಿತು. ಕೀಲಿ ಕೊಟ್ಟರೆ ಹಾಡುವ ಆಟಿಕೆ ಅವಳನ್ನು ಕುಣಿಸುತ್ತಿತ್ತು. ಸ್ಕೆಚ್ ಪೆನ್ನು ಗೋಡೆಗೆ ಹೋಯಿತು. ಹಿಟ್ಟಿನ ಆಟಕ್ಕೆ ಐದೈದು ನಿಮಿಷಕ್ಕೆ ನನ್ನ ಸಹಾಯ ಬೇಕು. ಕೊನೆಗೆ ಕೆಲಸಕ್ಕೆ ಬಂದವು ಅಂದರೆ ಮುಚ್ಚಳ ಇರುವ ಐದಾರು ಸ್ಟೀಲ್ ಡಬ್ಬಿ, ಬಟ್ಟೆ ಒಣಹಾಕುವ ಕ್ಲಿಪ್ಪುಗಳು, ನನ್ನ ಹಳೇ ದುಪಟ್ಟಾ, ರಟ್ಟಿನ ಹಾಳೆಯ ಚಿತ್ರದ ಪುಸ್ತಕ. ಈ ಬುಟ್ಟಿ ಆ ಹೊತ್ತಿಗೆ ಮಾತ್ರ ಹೊರಗೆ ಬರುತ್ತದೆ, ಮುಗಿದ ಮೇಲೆ ಬೀರು ಮೇಲಕ್ಕೆ. ಅದಕ್ಕೇ ಅದರ ಮೇಲಿನ ಆಸೆ ಕಡಿಮೆಯಾಗಲಿಲ್ಲ. ಮೊಬೈಲ್ ಕೊಡಲಿಲ್ಲ, ಟಿವಿ ಹಾಕಲಿಲ್ಲ. ಮಗು ಒಂಟಿಯಾಗಿರುವುದರಿಂದ ಮಣಿ, ನಾಣ್ಯ, ಹುಣಸೆಬೀಜ, ಕವಡೆಯಂಥ ಬಾಯಿಗೆ ಹೋಗುವ ಯಾವುದನ್ನೂ ಇಡಬೇಡಿ.

ಒಂದು ದಿನ ನನ್ನ ಜೀವ ಬಾಯಿಗೆ ಬಂತು. ಎರಡನೇ ವಾರ, ಒಳಗಿನಿಂದ "ಟಕ್" ಅಂತ ಸದ್ದು. ಬಾಗಿಲು ತಳ್ಳಿದರೆ ತೆರೆಯಲಿಲ್ಲ. ಕೆಳಗಡೆ ಅವಳ ಕೈಗೆ ಎಟುಕುವಲ್ಲಿ ಒಂದು ಚಿಲಕ ಇದೆ, ಅದನ್ನು ಹಾಕಿಕೊಂಡಿದ್ದಳು. ಹಾಕಲು ಬಂತು, ತೆಗೆಯಲು ಬರಲಿಲ್ಲ. ನಾನು ಹೊರಗಿನಿಂದ ಕಿಟಕಿ ಹತ್ತಿರ ಹೋಗಿ, ಮೆತ್ತಗೆ ಮಾತಾಡುತ್ತಾ, "ಚಿಲಕದ ಮೂಗನ್ನು ಮೇಲೆತ್ತು, ಈಗ ನಿನ್ನ ಕಡೆಗೆ ಎಳಿ" ಅಂತ ಹೇಳಿಕೊಟ್ಟು ತೆಗೆಸಿದೆ. ಹತ್ತು ನಿಮಿಷ ಆಯಿತು. ಅವತ್ತು ಸಂಜೆಯೇ ಸ್ಕ್ರೂ ಬಿಚ್ಚಿ ಆ ಚಿಲಕ ತೆಗೆಸಿದೆವು. ನೀವು ಶುರು ಮಾಡುವ ಮೊದಲು ಚಿಲಕ, ಸ್ವಿಚ್ ಬೋರ್ಡು, ಕಿಟಕಿಯ ಸರಳು, ಉರುಳಬಹುದಾದ ಸ್ಟೂಲು ಎಲ್ಲವನ್ನೂ ಮಗುವಿನ ಎತ್ತರಕ್ಕೆ ಕೂತು ಒಮ್ಮೆ ನೋಡಿ. ಹೊರಗಿನಿಂದ ನೀವೂ ಬಾಗಿಲು ಹಾಕಬೇಡಿ.

ಪಿಸುಪಿಸು ಹೊತ್ತು ಕೂಡಿಬಂದರೆ ಅರ್ಧ ಕೆಲಸ ಆದ ಹಾಗೆ. ಇನ್ನರ್ಧ ರಾತ್ರಿಯದು, ನಾನು ಎಡವಿದ್ದೂ ಅಲ್ಲೇ. ಹಗಲಿನ ಎರಡು ಗಂಟೆ ತೆಗೆದೆ, ಆದರೆ ರಾತ್ರಿ ಮಲಗಿಸುವುದನ್ನು 9ರಿಂದ 8:30ಕ್ಕೆ ಮಾತ್ರ ತಂದಿದ್ದೆ. ಸುಮಾರು ಹತ್ತು ದಿನ ಆದಮೇಲೆ ಒಂದು ರಾತ್ರಿ, ಮಲಗಿ ಒಂದು ಗಂಟೆಯಾಗಿರಬಹುದು, ಚೀರಿಕೊಂಡು ಎದ್ದಳು. ಕಣ್ಣು ತೆರೆದಿತ್ತು, ಆದರೆ ನನ್ನ ಗುರುತಿಲ್ಲ. ಎತ್ತಿಕೊಂಡರೆ ತಳ್ಳುತ್ತಾಳೆ. ಹತ್ತು ನಿಮಿಷದ ಮೇಲೆ ತಾನೇ ಮಲಗಿದಳು, ಬೆಳಗ್ಗೆ ಏನೂ ನೆನಪಿಲ್ಲ. ಅತ್ತೆ ದೃಷ್ಟಿ ತೆಗೆದರು. ಮೂರನೇ ಸಲ ಆದಾಗ ಡಾಕ್ಟರ ಹತ್ತಿರ ಹೋದೆವು. ನಿದ್ದೆ ಸಾಲದೆ ವಿಪರೀತ ದಣಿದ ಮಕ್ಕಳಿಗೆ ರಾತ್ರಿಯ ಮೊದಲ ಭಾಗದ ಗಾಢ ನಿದ್ದೆಯಲ್ಲಿ ಹೀಗಾಗುತ್ತದೆ, ಎಬ್ಬಿಸಲು ಹೋಗಬೇಡಿ, ಪೆಟ್ಟಾಗದಂತೆ ಪಕ್ಕದಲ್ಲಿರಿ, ಬೇಗ ಮಲಗಿಸಿ ಅಂದರು. ಗೊರಕೆ ಹೊಡೆಯುತ್ತಾಳಾ ಅಂತಲೂ ಕೇಳಿದರು, ಇರಲಿಲ್ಲ. ಅಂದಿನಿಂದ 7:45ಕ್ಕೆ ದೀಪ ಆರಿಸಿದೆ. 8ಕ್ಕೆ ನಿದ್ದೆ, ಬೆಳಗ್ಗೆ 7ಕ್ಕೆ ಎಚ್ಚರ. ಒಟ್ಟು 11 ಗಂಟೆ, ಮೊದಲಿಗಿಂತ ಮುಕ್ಕಾಲು ಗಂಟೆ ಹೆಚ್ಚೇ. ಚೀರುವುದು ಒಂದು ವಾರದೊಳಗೆ ನಿಂತಿತು.

ಇದಕ್ಕಾಗಿ ಮನೆಯ ಸಂಜೆಯನ್ನೇ ಹಿಂದಕ್ಕೆ ಎಳೆಯಬೇಕಾಯಿತು. 4ಕ್ಕೆ ಹಾಲು, ಬಾಳೆಹಣ್ಣು. 4:30ರಿಂದ ಒಂದು ಗಂಟೆ ಬೀದಿಯಲ್ಲಿ ಆಟ. 6:15ಕ್ಕೆ ಸ್ನಾನ, 6:45ಕ್ಕೆ ಊಟ. ನಮ್ಮೆಜಮಾನ್ರು ಮನೆಗೆ ಬರುವುದು 8:30ಕ್ಕೆ. ಮಗಳನ್ನು ನೋಡದೆ ಮಲಗಬೇಕಾದಾಗ ಅವರ ಮುಖ ಚಿಕ್ಕದಾಗುತ್ತಿತ್ತು, ನನಗೂ ಸಂಕಟ. ಈಗ ಬೆಳಗ್ಗೆ ಹಲ್ಲುಜ್ಜಿಸುವುದು, ತಿಂಡಿ ತಿನ್ನಿಸುವುದು, ಪ್ಲೇಸ್ಕೂಲಿಗೆ ಬಿಡುವುದು ಪೂರ್ತಿ ಅವರದೇ.

ಇನ್ನು ಕಳ್ಳ ನಿದ್ದೆಯ ಮಾತು. ಸಂಜೆ 5ರ ಆಟೋ ಪ್ರಯಾಣದಲ್ಲಿ ಕಾಲು ಗಂಟೆ ತೂಕಡಿಸಿದರೂ ಆ ರಾತ್ರಿ 10ರವರೆಗೆ ಜಾಗರಣೆ. ಮೊದಲ ಎರಡು ತಿಂಗಳು ಸಂಜೆ ಗಾಡಿಯಲ್ಲಿ ಓಡಾಡುವುದನ್ನು ಕಡಿಮೆ ಮಾಡಿದೆ. ಪಿಸುಪಿಸು ಹೊತ್ತಿನಲ್ಲೇ ನಿದ್ದೆಗೆ ಜಾರಿದರೆ ಮಾತ್ರ ತಡೆಯುತ್ತಿರಲಿಲ್ಲ. ಶುರುವಿನಲ್ಲಿ ಮೂರು ನಾಲ್ಕು ದಿನಕ್ಕೊಮ್ಮೆ ಹಾಗಾಗುತ್ತಿತ್ತು, ಒಂದೂವರೆ ತಿಂಗಳಿಗೆ ತಾನಾಗಿ ನಿಂತಿತು. ಅಂಥ ದಿನ 45 ನಿಮಿಷಕ್ಕೆ ಪರದೆ ಸರಿಸಿ ಬೆಳಕು ಬಿಟ್ಟು, ಅಡುಗೆಮನೆಯ ಸದ್ದು ಕೇಳುವಂತೆ ಬಾಗಿಲು ತೆರೆದಿಡುತ್ತಿದ್ದೆ. ತಾನೇ ಏಳುತ್ತಿದ್ದಳು. ಜ್ವರ ಬಂದ ದಿನ ಈ ಲೆಕ್ಕ ಯಾವುದೂ ಇಲ್ಲ, ಎಷ್ಟು ಬೇಕೋ ಅಷ್ಟು ಮಲಗಲಿ.

ಈಗ ಅವಳಿಗೆ ನಾಲ್ಕು ತುಂಬಿದೆ. ಬೊಟ್ಟು ಒಂದು ಗಂಟೆಯ ಹತ್ತಿರ ಇದೆ. ಮೊನ್ನೆ ಬಾಗಿಲ ಸಂದಿಯಿಂದ ಇಣುಕಿದರೆ, ಡಬ್ಬಿಗಳನ್ನೆಲ್ಲ ದುಪಟ್ಟಾದ ಕೆಳಗೆ ಸಾಲಾಗಿ ಮಲಗಿಸಿ, ಒಂದೊಂದನ್ನೇ ಬೆರಳಲ್ಲಿ ತಟ್ಟುತ್ತಿದ್ದಳು. ಚಿಕ್ಕ ಡಬ್ಬಿಯ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು: "ನಿದ್ದೆ ಬಂದಿಲ್ವಾ? ಪರವಾಗಿಲ್ಲ. ಮುಳ್ಳು ಬರೋವರೆಗೂ ಸುಮ್ನೆ ಬಿದ್ಕೋ."